ಮೊದಲ ಕತ್ತರಿ ಬೀಳೋದು ಪಿಚ್ ಡೆಕ್‌ನಲ್ಲೇ

2024ರ ಜುಲೈನಲ್ಲಿ ಬಂದ ಕನ್ನಡದ ‘ಏಕಂ’ ವೆಬ್ ಸರಣಿಗೆ ಯಾವ ಒಟಿಟಿಯೂ ಸಿಗಲಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಕೊನೆಗೆ ತನ್ನದೇ ವೆಬ್‌ಸೈಟ್ ಮಾಡಿ ಏಳು ಕಂತುಗಳನ್ನು ನೋಡುಗರ ಮುಂದಿಟ್ಟಿತು. ಹೆಸರಿದ್ದವರ ಗತಿಯೇ ಹೀಗೆ. ಇನ್ನು ಹೆಸರಿಲ್ಲದ ಬರಹಗಾರರ ಕೈಲಿರೋದು ಹತ್ತು ಹನ್ನೆರಡು ಪುಟದ ಒಂದು ಪಿಡಿಎಫ್. ಅದೇ ಪಿಚ್ ಡೆಕ್. ಯಾವ ಕಥೆ ತೆರೆಗೆ ಬರಬೇಕು ಎಂಬ ಮೊದಲ ತೀರ್ಮಾನ ಅಲ್ಲೇ ಆಗುತ್ತದೆ.

ಡೆಕ್‌ನಲ್ಲಿ ಏನಿರಬೇಕು ಅನ್ನೋದು ಗುಟ್ಟೇನಲ್ಲ. ಕಥೆಯ ತಿರುಳು ಹೇಳುವ ಒಂದು ಸಾಲು, ಕಥೆ ನಡೆಯುವ ಲೋಕ, ನಾಲ್ಕೈದು ಪಾತ್ರಗಳು, ಮೊದಲ ಕಂತಿನ ಸಾರಾಂಶ, ಉಳಿದ ಕಂತುಗಳಿಗೆ ಒಂದೊಂದು ಸಾಲು, ನೋಟ ಮತ್ತು ಧಾಟಿ, ಯಾರು ನೋಡುತ್ತಾರೆ, ಮಾಡುವವರು ಯಾರು. ಸಮಸ್ಯೆ ಪಟ್ಟಿಯದ್ದಲ್ಲ. ರಾಜಕೀಯ ಕಾಳಜಿ ಇರುವ ಬರಹಗಾರರು ಆ ಕಾಳಜಿಯನ್ನು ಯಾವ ಪುಟದಲ್ಲಿ ಇಡುತ್ತಾರೆ ಅನ್ನೋದು ಪ್ರಶ್ನೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ನಿಮಗೆ ನೆನಪಿರಬಹುದು. ಅದರ ಮೇಲೊಂದು ಸರಣಿ, ಹೆಸರು ‘ಕಂತು’. ಹೆಚ್ಚಿನವರು ಮೊದಲ ಪುಟದಲ್ಲೇ ಬರೆಯುತ್ತಾರೆ: ‘ಗ್ರಾಮೀಣ ಮಹಿಳೆಯರ ಶೋಷಣೆಯನ್ನು ಬಯಲು ಮಾಡುವ ಸರಣಿ’. ಮಾತೇನೋ ಸರಿ, ಆದರೆ ಇದು ವಿಷಯವಾಯ್ತೇ ಹೊರತು ಕಥೆಯಾಗಲಿಲ್ಲ. ನೋಡುಗ ಎರಡನೇ ಕಂತನ್ನು ಯಾಕೆ ನೋಡಬೇಕು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಇದನ್ನೇ ಬೇರೆ ರೀತಿ ಬರೆಯಬಹುದು. ಪ್ರತಿ ಮಂಗಳವಾರ ಬೆಳಗ್ಗೆ ಏಳಕ್ಕೆ ಮಂಜುಳಾಳ ಜಗಲಿ ಮೇಲೆ ಹತ್ತು ಹೆಂಗಸರು ಸೇರುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಜನ ತುಂಬಬೇಕು; ತುಂಬುವವರೆಗೆ ಯಾರೂ ಏಳುವಂತಿಲ್ಲ. ಒಂದು ರಾತ್ರಿ ಅವರಲ್ಲೊಬ್ಬಳು ಊರು ಬಿಡುತ್ತಾಳೆ. ಸಾಲ ತೀರಲು ಇನ್ನೂ ಎಂಟು ವಾರ ಇದೆ. ವಸೂಲಿಗೆ ಬರುವ ಶಿವು ಪಕ್ಕದೂರಿನ ಹುಡುಗ, ಅವನ ತಾಯಿಯೂ ಇನ್ನೊಂದು ಗುಂಪಿನಲ್ಲಿ ಸಾಲಗಾರ್ತಿ. ಎಂಟು ಮಂಗಳವಾರ, ಎಂಟು ಕಂತು. ಪ್ರತಿ ಸಲವೂ ಪ್ರಶ್ನೆ ಒಂದೇ: ಈ ವಾರ ಯಾರ ಹತ್ತಿರ ದುಡ್ಡು ಕಮ್ಮಿ ಬಿತ್ತು, ಅದನ್ನು ಯಾರು, ಏನು ಕಳಕೊಂಡು ತುಂಬಿದರು? ಕಥೆಯನ್ನು ಮುಂದೆ ಎಳೆಯುವ ಎಂಜಿನ್ ಇದು.

ಈಗ ಡೆಕ್ ಡೆವಲಪ್‌ಮೆಂಟ್ ತಂಡದ ಟೇಬಲ್ ಮೇಲಿದೆ ಅಂದುಕೊಳ್ಳಿ. ನಿಮ್ಮ ಮಾತು ಕೇಳುವವರೇ ಹಣ ಮಂಜೂರು ಮಾಡುವವರಾಗಿರೋದು ಅಪರೂಪ. ಅವರು ಮೇಲಿನವರಿಗೆ ಹೋಗಿ ಹೇಳುವಾಗ ನೀವು ಪಕ್ಕದಲ್ಲಿರಲ್ಲ, ಡೆಕ್ ಮಾತ್ರ ಇರುತ್ತೆ. ಅಲ್ಲಿಂದ ಬರಬಹುದಾದ ಸಲಹೆ: ‘ಚೆನ್ನಾಗಿದೆ, ಆದರೆ ಕಂಪನಿ ಬೇಡ. ಊರಿನ ಬಡ್ಡಿ ಸಾಹುಕಾರನನ್ನು ವಿಲನ್ ಮಾಡೋಣ.’

ಈ ಅಂಜಿಕೆಗೆ ಹಿನ್ನೆಲೆ ಇದೆ. 2021ರ ಜನವರಿಯಲ್ಲಿ ‘ತಾಂಡವ್’ ಸರಣಿಯ ವಿರುದ್ಧ ಎಫ್‌ಐಆರ್‌ಗಳಾದವು, ತಯಾರಕರು ಕ್ಷಮೆ ಕೇಳಿ ದೃಶ್ಯ ತೆಗೆದರು. ಮುಂದಿನ ತಿಂಗಳೇ ಒಟಿಟಿಗಳಿಗೆ ಕೇಂದ್ರದ ಐಟಿ ನಿಯಮಗಳು ಬಂದವು. ಚಿತ್ರೀಕರಣ ಮುಗಿದ ಮೇಲೆ ಕತ್ತರಿಸುವುದು ದುಬಾರಿ. ಡೆಕ್ ಹಂತದಲ್ಲೇ ಕತ್ತರಿಸಿದರೆ ಖರ್ಚಿಲ್ಲ, ಸುದ್ದಿಯೂ ಆಗಲ್ಲ.

ಮೊದಲ ಡೆಕ್‌ನಲ್ಲಿ ಈ ಸಲಹೆ ಒಪ್ಪಿದರೆ ಒಂದು ವಾಕ್ಯ ಬದಲಾದರೆ ಸಾಕು, ರಾಜಕೀಯ ಮಾಯ. ಎರಡನೆಯದರಲ್ಲಿ ಹಾಗಾಗಲ್ಲ. ಸಾಹುಕಾರ ಸಾಲಗಾರಳ ಮನೆಗೆ ಮಾತ್ರ ಹೋಗ್ತಾನೆ. ಗೆಳತಿಯರನ್ನೇ ಪರಸ್ಪರರ ವಸೂಲಿಗಾರರನ್ನಾಗಿ ಮಾಡೋದು ಗುಂಪು ಹೊಣೆಯ ನಿಯಮ. ಅದನ್ನು ತೆಗೆದರೆ ಎರಡನೇ ಮಂಗಳವಾರ ಒಂಬತ್ತು ಜನ ಜಗಲಿಗೆ ಬರಲು ಕಾರಣವೇ ಉಳಿಯಲ್ಲ. ಇದನ್ನು ನೀವು ಸಭೆಯಲ್ಲಿ ಕಥೆಯ ಭಾಷೆಯಲ್ಲೇ ಹೇಳಬಹುದು, ಸಿದ್ಧಾಂತದ ಜಗಳ ಬೇಕಿಲ್ಲ.

ಹಾಗಾಗಿ ಡೆಕ್ ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಮಗೆ ಮುಖ್ಯವೆನಿಸಿದ ರಾಜಕೀಯ ಸಂಗತಿಯನ್ನು ಅಳಿಸಿ ನಾಲ್ಕನೇ ಕಂತಿನ ಸಾಲನ್ನು ಓದಿ. ಅದು ಹಾಗೇ ನಡೆಯುತ್ತದೆ ಅಂದ್ರೆ ನಿಮ್ಮ ರಾಜಕೀಯ ಬರೀ ಅಲಂಕಾರ. ಬೇರೆಯವರು ಅದನ್ನು ತೆಗೆದೇ ತೆಗೆಯುತ್ತಾರೆ. ಬಿಟ್ಟುಕೊಡಬಹುದಾದ್ದನ್ನೂ ಮೊದಲೇ ತೀರ್ಮಾನಿಸಿ. ನಿಜವಾದ ಕಂಪನಿಯ ಹೆಸರು, ಪಕ್ಷದ ಬಾವುಟದ ಬಣ್ಣ ಹೋದರೆ ‘ಕಂತು’ವಿಗೆ ನಷ್ಟವಿಲ್ಲ. ಗುಂಪು ಹೊಣೆ ಹೋದರೆ ಸರಣಿಯೇ ಇಲ್ಲ.

ಇಷ್ಟು ಮಾಡಿದರೂ ‘ಬೇಡ’ ಅನ್ನಬಹುದು. ಅದನ್ನು ಯಾವ ಡೆಕ್ಕೂ ತಡೆಯಲಾರದು. ಆದರೆ ಆಗ ಅವರು ಬೇಡ ಅಂದದ್ದು ಆ ಹತ್ತು ಹೆಂಗಸರ ಕಥೆಗೆ. ಸಾಹುಕಾರನ ಹಳೇ ಕಥೆಯನ್ನು ನಿಮ್ಮ ಹೆಸರಲ್ಲಿ ತೆಗೆಯೋಕೆ ಅವರಿಂದ ಆಗಲ್ಲ.