‘ಹಾಡಿದರು’ ಮತ್ತು ‘ಹಾಡಿದರಂತೆ’

ವಯೋವೃದ್ಧ ಸಂಗೀತಗಾರರಿಂದ ಕೇಳಿ ಬರೆದುಕೊಂಡ ಚರಿತ್ರೆಯಲ್ಲಿ ಕಾಣುವ ದೋಷಗಳನ್ನೆಲ್ಲ ಅವರ ಮರೆವಿನ ಮೇಲೆ ಹೊರಿಸುವುದು ವಾಡಿಕೆಯಾಗಿದೆ. ಆದರೆ ಅವುಗಳಲ್ಲಿ ಹಲವು, ಹೇಳಿದವರು ಸರಿಯಾಗಿಯೇ ಹೇಳಿದುದನ್ನು ಬರೆದುಕೊಂಡವರು ಕೆಡಿಸಿದುದರ ಫಲವೆಂದು ನನ್ನ ಅನುಭವದಿಂದ ಹೇಳಬಲ್ಲೆನು.

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಹಿರಿಯ ಗಾಯಕರೊಬ್ಬರನ್ನು ಸಂದರ್ಶಿಸಲು ಹೊರಟಾಗ ಪ್ರಶ್ನೆಗಳಿಗಿಂತ ಮೊದಲು ಒಂದು ಹಾಳೆಯಲ್ಲಿ ಮೂರು ಇಸವಿಗಳನ್ನು ಗುರುತಿಸಿಕೊಂಡಿದ್ದೆನು: 1937ರಲ್ಲಿ ಅಬ್ದುಲ್ ಕರೀಮ್ ಖಾನರ ನಿಧನ, 1948ರಲ್ಲಿ ಗಾಂಧೀಜಿಯವರ ಹತ್ಯೆ, 1952ರಲ್ಲಿ ಸವಾಯಿ ಗಂಧರ್ವರ ನಿಧನ. ‘ಅದು ಯಾವ ಇಸವಿ?’ ಎಂದು ಕೇಳಿದರೆ ಹಿರಿಯರು ಸೌಜನ್ಯಕ್ಕಾಗಿ ಯಾವುದೋ ಒಂದನ್ನು ಹೇಳಿಬಿಡುತ್ತಾರೆ. ‘ಗುರುಗಳು ತೀರಿಕೊಂಡ ಮೇಲೋ ಮುಂಚೆಯೋ?’ ಎಂದು ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು ನೆನೆದು ಹೇಳುತ್ತಾರೆ.

ಮಾತಿನ ನಡುವೆ ಅವರೆಂದರು: “ಖಾನ್‌ಸಾಹೇಬ್ರು ನಮ್ಮನ್ಯಾಗ ಝಿಂಝೋಟಿ ಹಾಡಿದ್ರಂತ. ಇಡೀ ಓಣಿನ ಬಂದು ಕುಂತಿತ್ತಂತ.” ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ಆರೇಳು ಗಂಟೆ ಹಿಡಿಯುವುದರಿಂದ, ಆ ಕೆಲಸವನ್ನು ಮೈಸೂರು ಕಡೆಯ ಮಿತ್ರರೊಬ್ಬರಿಗೆ ಒಪ್ಪಿಸಿದ್ದೆನು. ಅವರು ಶ್ರದ್ಧೆಯಿಂದ, ಶುದ್ಧ ಗ್ರಾಂಥಿಕದಲ್ಲಿ ಬರೆದುಕೊಟ್ಟರು: “ಖಾನ್ ಸಾಹೇಬರು ನಮ್ಮ ಮನೆಯಲ್ಲಿ ಝಿಂಝೋಟಿ ಹಾಡಿದರು. ಇಡೀ ಓಣಿಯೇ ಬಂದು ಕುಳಿತಿತ್ತು.” ಮೈಸೂರಿನ ಕಿವಿಗೆ ಧಾರವಾಡದ ‘ಅಂತ’ ಎಂಬುದು ಮಾತಿನ ತುದಿಯ ಅಭ್ಯಾಸದಂತೆ ಕೇಳಿಸಿರಬೇಕು, ಆದರೆ ಅದು ದಕ್ಷಿಣದ ‘ಅಂತೆ’ಯೇ, ನಾನು ಕಂಡುದಲ್ಲ, ಕೇಳಿದುದು ಎಂದು ವಕ್ತಾರನೇ ತನ್ನ ಮಾತಿಗೆ ಒತ್ತಿದ ಮುದ್ರೆ. ಸಾಕ್ಷ್ಯದ ತೂಕವನ್ನು ಕ್ರಿಯಾಪದದ ಕೊನೆಯಲ್ಲೇ ಹೇಳಿಬಿಡುವ ಇಂಥ ಸೌಲಭ್ಯ ನಮ್ಮ ಭಾಷೆಯಲ್ಲಿರುವಾಗ ಅದನ್ನು ಅಳಿಸಿಹಾಕುವುದು, ನ್ಯಾಯಾಲಯದಲ್ಲಿ ಶ್ರುತಸಾಕ್ಷಿಯನ್ನು ಪ್ರತ್ಯಕ್ಷಸಾಕ್ಷಿಯೆಂದು ದಾಖಲಿಸಿದಂತೆಯೇ ಸರಿ.

ದೋಷವು ತಿಳಿದುಬಂದುದು ಹಾಳೆಯ ಮೇಲಿನ ಇಸವಿಯಿಂದ. ಹಿರಿಯರು ಹುಟ್ಟಿದುದು 1930ರಲ್ಲಿ. ಖಾನರು ತೀರಿಕೊಂಡಾಗ ಅವರು ಏಳು ವರ್ಷದ ಬಾಲಕ. ಆ ವಯಸ್ಸಿನವನು ಬೈಠಕ್ಕಿನಲ್ಲಿ ಕುಳಿತಿರಲಾರನೆಂದಲ್ಲ, ರಾಗವನ್ನು ಗುರುತಿಸಿದನೆಂಬುದು ಸಂದೇಹಾಸ್ಪದ. ಧ್ವನಿಮುದ್ರಣವನ್ನು ಮತ್ತೆ ಕೇಳಿದಾಗ ‘ಅಂತ’ ಸ್ಪಷ್ಟವಾಗಿಯೇ ಇದ್ದಿತು. ಆದರೂ ಇನ್ನೊಂದು ಶಂಕೆ ಉಳಿಯಿತು: ಖಾನರ ಝಿಂಝೋಟಿ ಠುಮ್ರಿಯು ಗ್ರಾಮೊಫೋನ್ ತಟ್ಟೆಯ ಮೂಲಕ ಈ ಸೀಮೆಯಲ್ಲೆಲ್ಲ ಪ್ರಸಿದ್ಧವಾಗಿದ್ದುದರಿಂದ, ಹಿರಿಯರಿಗೆ ಅವರ ತಂದೆ ಹೇಳಿದ್ದ ಬೈಠಕ್ಕಿನ ಕಥೆಗೆ ತಟ್ಟೆಯ ರಾಗ ಬಂದು ಅಂಟಿಕೊಂಡಿರಬಹುದಲ್ಲವೆ? ಎರಡನೆಯ ಭೇಟಿಯಲ್ಲಿ ರಾಗದ ಹೆಸರನ್ನೇ ಎತ್ತದೆ, ‘ಆ ಬೈಠಕ್ಕಿನ ಬಗ್ಗೆ ಅಪ್ಪ ಏನೇನು ಹೇಳುತ್ತಿದ್ದರು?’ ಎಂದಷ್ಟೆ ಕೇಳಿದೆನು. ಯಾರು ಎಲ್ಲಿ ಕುಳಿತಿದ್ದರು, ಕಂದೀಲನ್ನು ಎಲ್ಲಿ ತೂಗುಹಾಕಿದ್ದರು ಎಂಬುದೆಲ್ಲ ಬಂದಿತು, ರಾಗ ಬರಲಿಲ್ಲ. ಕೊನೆಗೆ ಕೇಳಿದಾಗ, “ರಾಗ ಅಪ್ಪ ಹೇಳಿಲ್ರೀ, ಅದು ನಾ ಪ್ಲೇಟಿನ್ಯಾಗ ಕೇಳಿದ್ದು” ಎಂದು ಅವರೇ ಬಿಡಿಸಿ ಹೇಳಿದರು. ಮುದ್ರಿತ ಆತ್ಮಕಥೆಗಳೂ ಹೀಗೆಯೇ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಮನ್ಸೂರರ ‘ನನ್ನ ರಸಯಾತ್ರೆ’ಯನ್ನು ಓದಿದವರ ಬಾಯಲ್ಲಿ ಅದರ ಪ್ರಸಂಗವೇ ಮರಳಿ ಬಂದರೆ ಅದು ಎರಡನೆಯ ಸಾಕ್ಷಿಯಾಗದು.

ಇದರಿಂದ ತಟ್ಟೆಯೇ ಸತ್ಯ, ನೆನಪು ಮಿಥ್ಯೆ ಎಂದು ನಿರ್ಣಯಿಸುವುದು ಅವಸರದ ಮಾತಾದೀತು. ಹಳೆಯ ತಟ್ಟೆಗಳು ನಿಮಿಷಕ್ಕೆ 78 ಸುತ್ತಿನವೆಂದು ಹೆಸರಾಗಿದ್ದರೂ ಮುದ್ರಣಕಾಲದ ವೇಗ ಹೆಚ್ಚುಕಡಿಮೆಯಾಗಿರುತ್ತಿತ್ತು. ಸುಮಾರು 74 ಸುತ್ತಿನಲ್ಲಿ ಮುದ್ರಿಸಿದುದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಏರಿ, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಹೋಗಿಬಿಡುತ್ತದೆ. ತಮ್ಮ ಗುರುಗಳ ತಂಬೂರಿಯನ್ನು ಹತ್ತಾರು ವರ್ಷ ಶ್ರುತಿಗೂಡಿಸಿದ ಶಿಷ್ಯರು, ‘ನಮ್ಮ ಗುರುಗಳ ಷಡ್ಜ ಇದಲ್ಲ, ಇದಕ್ಕಿಂತ ಒಂದು ಮನೆ ಕೆಳಗೆ’ ಎಂದರೆ, ಅಲ್ಲಿ ಪರೀಕ್ಷೆಗೆ ಒಳಗಾಗಬೇಕಾದುದು ತಟ್ಟೆ. ಮುದ್ರಣದ ದಿನ ಗುರುಗಳು ಬೇಕೆಂದೇ ಶ್ರುತಿ ಏರಿಸಿದ್ದಿರಬಹುದಾದ್ದರಿಂದ ಒಂದು ತಟ್ಟೆ, ಒಬ್ಬ ಶಿಷ್ಯ ಸಾಲದು. ಅದೇ ದಿನ ಮುದ್ರಿಸಿದ ಬೇರೆಯವರ ತಟ್ಟೆಗಳೂ ಅಷ್ಟೇ ಏರಿದ್ದರೆ ವೇಗದ ದೋಷವೆಂದು ಬಗೆಯಬಹುದು.

ಆ ಹಿರಿಯರ ಲಿಪ್ಯಂತರವನ್ನು ಈಗ ಅವರ ಆಡುನುಡಿಯಲ್ಲೇ ಮರಳಿ ಬರೆಯಿಸಿದ್ದೇನೆ. ಅವರು ಮಾತು ಬಿಟ್ಟು ಹಾಡಿ ತೋರಿಸಿದೆಡೆ ಯಾವ ನಿಮಿಷವೆಂಬ ಗುರುತು ಮಾತ್ರ ಇದೆ, ಖಾನರ ಬೈಠಕ್ಕಿನ ಎದುರು ಅಂಚಿನಲ್ಲಿ, ‘ತಂದೆಯಿಂದ ಕೇಳಿದುದು, ರಾಗದ ಹೆಸರು ತಟ್ಟೆಯಿಂದ’ ಎಂದು ಬರೆದಿದೆ.