ಬೆನ್ನು ತೆರೆದದ್ದು, ಬೆನ್ನು ಮುಚ್ಚಿದ್ದು



ಕಳೆದ ಶ್ರಾವಣದಲ್ಲಿ ಬೆಂಗಳೂರಿನಿಂದ ಬಂದ ನಮ್ಮ ಚಿರಂಜೀವಿಯು ನಮಗೆಂದು ಎರಡು ಹೆಡ್‌ಫೋನುಗಳನ್ನು ತಂದುಕೊಟ್ಟನು. "ಅಪ್ಪಾಜಿ, ಒಂದು ಮನೆಗೆ, ಇನ್ನೊಂದು ಪ್ರಯಾಣಕ್ಕೆ" ಎಂದು ಹೇಳಿ ಅಂದೇ ರಾತ್ರಿಯ ರೈಲಿಗೆ ಹೊರಟುಹೋದನು. ಯಾವುದು ಯಾವುದಕ್ಕೆ ಎಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದರ ಹೊರಮೈ ಗಟ್ಟಿಯಾಗಿ ಮುಚ್ಚಿತ್ತು, ತೂಕವಾಗಿತ್ತು, ಚರ್ಮದಂತಹ ದಪ್ಪ ಮೆತ್ತೆಗಳಿದ್ದವು. ಇನ್ನೊಂದು ಹಗುರವಾಗಿತ್ತು, ಅದರ ಹೊರಮೈಗೆ ಜರಡಿಯಂತಹ ಜಾಲರಿ ಇತ್ತು. ಭಾರವಾದುದು ಮನೆಯಲ್ಲಿರಲಿ, ಹಗುರವಾದುದು ಚೀಲದಲ್ಲಿರಲಿ ಎಂದು ನಾವೇ ತೀರ್ಮಾನಿಸಿಕೊಂಡೆವು. ಈ ತೀರ್ಮಾನವು ಪೂರ್ತಿ ತಲೆಕೆಳಗಾದುದೆಂದು ತಿಳಿಯಲು ನಮಗೆ ಎರಡು ಪ್ರಸಂಗಗಳು ಬೇಕಾದವು.

ಮೊದಲನೆಯದು ಮನೆಯಲ್ಲಿ ನಡೆಯಿತು. ಒಂದು ಬೆಳಗಿನ ಜಾವ ಪಡಸಾಲೆಯಲ್ಲಿ ಕುಳಿತು, ಮುಚ್ಚಿದ ಹೆಡ್‌ಫೋನನ್ನು ತೊಟ್ಟು, ಮಲ್ಲಿಕಾರ್ಜುನ ಮನಸೂರರ ವಚನಗಾಯನದ ಹಳೆಯ ಧ್ವನಿಮುದ್ರಿಕೆಯನ್ನು ಕೇಳುತ್ತಿದ್ದೆವು. ಅದು ಮುಗಿದು ಎದ್ದಾಗಲೇ ಹಿತ್ತಲಿನಿಂದ "ಏನ್ರೀ" ಎಂಬ ಕ್ಷೀಣವಾದ ದನಿ ಕೇಳಿಸಿತು. ನಮ್ಮ ಧರ್ಮಪತ್ನಿಯವರು ಬಚ್ಚಲ ಮನೆಯ ಹೊಸ್ತಿಲಲ್ಲಿ ಕಾಲು ಜಾರಿ ಬಿದ್ದು, ಕಾಲು ಗಂಟೆಯಿಂದ ಕೂಗುತ್ತಿದ್ದರಂತೆ. ಮಣಿಕಟ್ಟು ಊದಿಕೊಂಡಿತ್ತು, ಮೂಳೆ ಮುರಿದಿರಲಿಲ್ಲ. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಎರಡನೆಯದು ಹೊಸಪೇಟೆಯಿಂದ ಬೆಂಗಳೂರಿಗೆ ಹೋಗುವಾಗ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ. ಜಾಲರಿಯ ಹೆಡ್‌ಫೋನನ್ನು ತೊಟ್ಟು ಮೇಲಿನ ಬರ್ತಿನಲ್ಲಿ ಮಲಗಿದೆವು. ಗಾಲಿಗಳ ಸದ್ದಿನಲ್ಲಿ ತಂಬೂರಿಯೇ ಕೇಳಿಸದು. ಧ್ವನಿಯನ್ನು ಏರಿಸಿದೆವು, ಮತ್ತೂ ಏರಿಸಿದೆವು. ಕೊನೆಗೆ ಕೆಳಗಿನ ಬರ್ತಿನ ತಾಯಿಯೊಬ್ಬರು ಎದ್ದು ನಿಂತು, "ಅಜ್ಜಾರೆ, ಕೂಸು ಈಗಷ್ಟೇ ಮಲಗೇತ್ರಿ, ಹಾಡು ಸ್ವಲ್ಪ ಸಣ್ಣಗೆ ಮಾಡ್ರಿ" ಎಂದರು. ಕಿವಿಗೆ ಕಟ್ಟಿಕೊಂಡು ಕೇಳುವ ಹಾಡು ನಮ್ಮೊಬ್ಬರದೇ ಎಂದು ನಾವು ಭಾವಿಸಿದ್ದೆವು! ಬೆಳಿಗ್ಗೆ ಇಳಿಯುವಾಗ ಕಿವಿಯಲ್ಲಿ ಜೀರುಂಡೆಯ ಸದ್ದಿನಂತಹ ಮೊರೆತವಿತ್ತು. ಮಗನು ನಡೆದುದನ್ನೆಲ್ಲ ಕೇಳಿ, "ಅಪ್ಪಾಜಿ, ನೀವು ಎರಡನ್ನೂ ಅದಲು ಬದಲು ಮಾಡಿದ್ದೀರಿ" ಎಂದನು. ಆ ಬಳಿಕ ಅವನಿಂದಲೂ ಬಲ್ಲವರಿಂದಲೂ ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಹೆಡ್‌ಫೋನಿನ ಪ್ರತಿಯೊಂದು ಬಟ್ಟಲಿನಲ್ಲಿಯೂ ಒಂದು ತೆಳುವಾದ ಪೊರೆ ಇರುತ್ತದೆ. ಅದು ಕಂಪಿಸುವಾಗ ಮುಂದಿನ ಗಾಳಿಯನ್ನು ಕಿವಿಯತ್ತ ತಳ್ಳುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿಯನ್ನೂ ಅಲುಗಿಸುತ್ತದೆ. ಹೀಗೆ ಮುಂದೆ ಒಂದು, ಹಿಂದೆ ಒಂದು, ಎರಡು ಧ್ವನಿಗಳು ಹುಟ್ಟುತ್ತವೆ. ಈ ಹಿಂದಿನ ಧ್ವನಿಯನ್ನು ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಯಿಂದ ಎರಡು ಜಾತಿಗಳು ಹುಟ್ಟಿವೆ. ಜಾಲರಿಯ ಮೂಲಕ ಅದನ್ನು ಹೊರಗೆ ಬಿಟ್ಟರೆ ಅಂಗಡಿಯವರು 'ಓಪನ್ ಬ್ಯಾಕ್' ಎನ್ನುತ್ತಾರೆ, ಗಟ್ಟಿ ಬಟ್ಟಲಿನಲ್ಲಿ ಹಿಡಿದಿಟ್ಟರೆ 'ಕ್ಲೋಸ್ಡ್ ಬ್ಯಾಕ್' ಎನ್ನುತ್ತಾರೆ. ಮೊದಲು ಇದ್ದುದು ಮುಚ್ಚಿದ ಬಗೆಯೇ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 1968ರಲ್ಲಿ ಎಚ್‌ಡಿ 414 ಎಂಬ ಹೆಡ್‌ಫೋನನ್ನು ಹೊರತಂದ ಬಳಿಕ ತೆರೆದ ಬಗೆಯು ಮನೆಮನೆಗಳಿಗೆ ಬಂದಿತು.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನಾವು ಪ್ರಾರ್ಥನೆಯನ್ನು ಕೆಲವೊಮ್ಮೆ ಅಂಗಳದಲ್ಲಿಯೂ, ಮಳೆ ಬಂದರೆ ಉಗ್ರಾಣದ ಪಕ್ಕದ ಕಿರುಕೋಣೆಯಲ್ಲಿಯೂ ಹಾಡುತ್ತಿದ್ದೆವು. ಅಂಗಳದಲ್ಲಿ ದನಿಯು ಹರಡಿಕೊಂಡು ಹೋಗುತ್ತಿತ್ತು, ಕೋಣೆಯಲ್ಲಿ ಗೋಡೆಗೆ ಬಡಿದು ಮರಳಿ ಬಂದು ಮುಖಕ್ಕೇ ತಾಗುತ್ತಿತ್ತು. ಇಲ್ಲಿಯೂ ಹಾಗೆಯೇ. ಮುಚ್ಚಿದ ಬಟ್ಟಲಿನಲ್ಲಿ ಹಿಂದಿನ ಧ್ವನಿಯನ್ನು ಹೀರಲು ಸ್ಪಂಜಿನಂತಹ ವಸ್ತುವನ್ನು ಇಟ್ಟಿರುತ್ತಾರೆ. ಆದರೂ ಅಷ್ಟಿಷ್ಟು ಮರಳಿ ಬಂದು ಮುಂದಿನ ಧ್ವನಿಯೊಡನೆ ಬೆರೆಯುತ್ತದೆ. ಆದುದರಿಂದ ಅನೇಕ ಮುಚ್ಚಿದ ಹೆಡ್‌ಫೋನುಗಳಲ್ಲಿ ಗಾಯನವು ತಲೆಯೊಳಗೇ ಇಕ್ಕಟ್ಟಾಗಿ ನಿಂತಂತೆ ಭಾಸವಾಗುತ್ತದೆ. ತೆರೆದುದರಲ್ಲಿ ತಂಬೂರಿಯ ನಾದವು ಬಿಚ್ಚಿಕೊಂಡು, ಗಾಯಕರು ತುಸು ದೂರದಲ್ಲಿ ಕುಳಿತಂತೆ ತೋರುತ್ತದೆ. ಆದರೆ ತಬಲದ ಎಡಗೈಯ ಆಳವಾದ ಗುಂಕಾರವು ತೆರೆದುದರಲ್ಲಿ ಸಾಮಾನ್ಯವಾಗಿ ಸ್ವಲ್ಪ ತೆಳುವಾಗುತ್ತದೆ.

ಧ್ವನಿ ಹೊರಗೆ ಹೋಗುವ ದಾರಿಯಲ್ಲಿಯೇ ಹೊರಗಿನ ಸದ್ದು ಒಳಗೆ ಬರುತ್ತದೆ. ಕುಕ್ಕರಿನ ಸೀಟಿ, ಬಾಗಿಲು ಬಡಿದ ಸದ್ದು, "ಏನ್ರೀ" ಎಂಬ ಕರೆ, ಇವೆಲ್ಲ ತೆರೆದ ಹೆಡ್‌ಫೋನಿನಲ್ಲಿ ಬಹುಮಟ್ಟಿಗೆ ಕೇಳಿಸುತ್ತವೆ. ವಯಸ್ಸಾದವರು ಇಬ್ಬರೇ ಇರುವ ಮನೆಗೆ ಇದು ದೋಷವಲ್ಲ, ಗುಣ. ರೈಲಿನಲ್ಲಿ ಅದೇ ದೋಷವಾಗುತ್ತದೆ, ನೆರೆಯವರ ನಿದ್ರೆಗೂ ನಮ್ಮ ಕಿವಿಗೂ.

ಕಿವಿಯ ಮಾತನ್ನು ಒಂದು ಲೆಕ್ಕದಿಂದ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಮಿತಿಯು 80 ಡೆಸಿಬಲ್ ಧ್ವನಿಯಲ್ಲಿ ವಾರಕ್ಕೆ 40 ಗಂಟೆ. ಧ್ವನಿಯು 3 ಡೆಸಿಬಲ್ ಏರಿದಂತೆಲ್ಲ ಈ ಕಾಲವು ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಈಗ ರೈಲುಡಬ್ಬಿಯ ಸದ್ದು 77 ಡೆಸಿಬಲ್ ಎಂದೂ, ಹಾಡು ಸ್ಪಷ್ಟವಾಗಲು ಅದಕ್ಕಿಂತ 12 ಹೆಚ್ಚು ಬೇಕೆಂದೂ ಇಟ್ಟುಕೊಳ್ಳೋಣ. ತೆರೆದ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯದ ಕಾರಣ ಹಾಡನ್ನು 89ಕ್ಕೆ ಏರಿಸಬೇಕು. ವಾರದ ಪಾಲೆಲ್ಲ ಐದೇ ಗಂಟೆಯಲ್ಲಿ, ಒಂದು ರಾತ್ರಿಯ ಪಯಣ ಮುಗಿಯುವ ಮುನ್ನವೇ ತೀರಿಹೋಗುತ್ತದೆ. ಮುಚ್ಚಿದ ಹೆಡ್‌ಫೋನು ಹೊರಸದ್ದನ್ನು 9 ಡೆಸಿಬಲ್ ತಗ್ಗಿಸಿದರೂ ಸಾಕು, ಹಾಡು 80ರಲ್ಲಿಯೇ ಸ್ಪಷ್ಟವಾಗುತ್ತದೆ, ಕಾಲವು 40 ಗಂಟೆಯಾಗುತ್ತದೆ. ನಮ್ಮ ಕಿವಿಯ ಜೀರುಂಡೆಯು ಎಲ್ಲಿಂದ ಬಂದಿತೆಂಬುದು ಈ ಲೆಕ್ಕದಲ್ಲಿ ನಮಗೆ ಕಂಡಿತು. ಪುಣ್ಯವಶಾತ್ ಅದು ಮರುದಿನ ಶಮನವಾಯಿತು. ಅಂತಹ ಮೊರೆತವು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಮುಚ್ಚಿದುದಕ್ಕೂ ಮಿತಿಯುಂಟು. ಗಟ್ಟಿ ಬಟ್ಟಲು ಕೀಚಲು ಸದ್ದುಗಳನ್ನು ಚೆನ್ನಾಗಿ ತಡೆಯುತ್ತದೆ, ಎಂಜಿನ್ನಿನ ಗುಡುಗಿನಂತಹ ಮಂದ್ರದ ಸದ್ದನ್ನು ಅಷ್ಟು ತಡೆಯಲಾರದು. ಇದಕ್ಕೆಂದೇ ಸದ್ದು ತಗ್ಗಿಸುವ ವಿದ್ಯುತ್ ಏರ್ಪಾಡಿರುವ ಹೆಡ್‌ಫೋನುಗಳು ಬಂದಿವೆ. ಅದರೊಳಗಿನ ಸಣ್ಣ ಮೈಕು ಹೊರಸದ್ದನ್ನು ಗ್ರಹಿಸುತ್ತದೆ, ಯಂತ್ರವು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಅಮೆರಿಕದ ಅಮರ್ ಬೋಸ್ ಅವರು 1978ರಲ್ಲಿ ವಿಮಾನಯಾನದಲ್ಲಿ ಎಂಜಿನ್ನಿನ ಸದ್ದಿನಿಂದ ಹಾಡು ಕೇಳಲಾಗದೆ ಬೇಸತ್ತು ಈ ಲೆಕ್ಕಾಚಾರವನ್ನು ಆರಂಭಿಸಿದರು. ಒಂದೇ ಸಮನೆ ಬರುವ ಮಂದ್ರದ ಮೊರೆತಕ್ಕೆ ಇದು ಬಲು ಒಳ್ಳೆಯದು. ಮಾತು, ಮಗುವಿನ ಅಳು, ಹಾರ್ನ್ ಇವುಗಳಿಗೆ ಅಷ್ಟು ಉಪಯೋಗವಿಲ್ಲ.

ಮುಚ್ಚಿದ ಹೆಡ್‌ಫೋನಿನ ಮೆತ್ತೆಯು ಕಿವಿಯ ಸುತ್ತ ಸಂದಿಲ್ಲದೆ ಕೂಡಬೇಕು. ನಮ್ಮಂತಹ ಕನ್ನಡಕಧಾರಿಗಳಿಗೆ ಕನ್ನಡಕದ ಕಡ್ಡಿಯೇ ಸಂದಿ ಮಾಡುತ್ತದೆ, ಮಂದ್ರದ ಧ್ವನಿ ಅಲ್ಲಿಂದ ಸೋರಿಹೋಗುತ್ತದೆ. ಪರೀಕ್ಷೆ ಸುಲಭ. ಹಾಡು ನಡೆಯುತ್ತಿರುವಾಗ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿರಿ. ತಬಲದ ಗುಂಕಾರವು ಥಟ್ಟನೆ ತುಂಬಿಬಂದರೆ ಸಂದಿ ಇದೆಯೆಂದು ತಿಳಿಯಬೇಕು. ಕನ್ನಡಕ ತೆಗೆದು ಕೇಳಿರಿ, ಇಲ್ಲವೆ ಮೆತ್ತೆ ಸುಲಿದಿದ್ದರೆ ಬದಲಿಸಿರಿ.

ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಹೊರಗೆ ಜಾಲರಿ ಕಂಡಮಾತ್ರಕ್ಕೆ ಅದು ತೆರೆದುದಾಗದು, ಕೆಲವದರಲ್ಲಿ ಅದು ಬರಿಯ ಅಲಂಕಾರ. ಹಾಡು ಹಾಕಿಕೊಂಡು, ಒತ್ತದೆ, ಅಂಗೈಯನ್ನು ಜಾಲರಿಗೆ ಹತ್ತಿರ ಹಿಡಿದು ಮುಚ್ಚಿರಿ. ಧ್ವನಿಯ ಬಣ್ಣ ಬದಲಾದರೆ ಅದು ನಿಜವಾಗಿಯೂ ತೆರೆದುದು. ಮತ್ತೊಂದು ಮಾತು. ಒಳ್ಳೆಯ ತೆರೆದ ಹೆಡ್‌ಫೋನುಗಳಲ್ಲಿ ಕೆಲವು 300 ಓಮ್‌ನವು. ಅವಕ್ಕೆ ಬೇರೆ ಆಂಪ್ಲಿಫೈಯರ್ ಬೇಕು, ಮೊಬೈಲಿಗೆ ನೇರ ಜೋಡಿಸಿದರೆ ಧ್ವನಿ ಕ್ಷೀಣವಾಗಬಹುದು. ಮೊಬೈಲಿನಲ್ಲಿ ಕೇಳುವವರು 32 ಓಮ್‌ನ ಆಸುಪಾಸಿನದನ್ನು ಆರಿಸುವುದು ಲೇಸು.

ನಮ್ಮೂರಿಗೆ ಸಂಬಂಧಿಸಿದ ತೊಡಕು ಧೂಳಿನದು. ಹೊಸಪೇಟೆ ಬಳ್ಳಾರಿ ಹೆದ್ದಾರಿಯ ಬದಿಯ ಮನೆಗಳಲ್ಲಿ ಒರೆಸಿದ ಮೇಜಿನ ಮೇಲೆ ಸಂಜೆಗೆ ಕೆಂಪು ಗೆರೆ ಎಳೆಯಬಹುದು. ಈ ಧೂಳಾಗಲಿ ಒಂದು ಕೂದಲೆಳೆಯಾಗಲಿ ಜಾಲರಿಯಿಂದ ಒಳಗಿಳಿದು ಪೊರೆಗೆ ತಾಗಿದರೆ, ಒಂದೇ ಕಿವಿಯಲ್ಲಿ, ಕೆಲವು ಸ್ವರಗಳಿಗೆ ಮಾತ್ರ, ಜರ್ ಎಂಬ ಸದ್ದು ಬರುತ್ತದೆ. ಆದುದರಿಂದ ಕೇಳಿ ಮುಗಿದೊಡನೆ ಅದನ್ನು ಬಟ್ಟೆಯ ಚೀಲದಲ್ಲಿಡುತ್ತೇವೆ. ಬಾಯಿಂದ ಊದುವುದಿಲ್ಲ, ಊದಿದರೆ ಧೂಳು ಇನ್ನೂ ಒಳಕ್ಕೆ ಹೋಗುತ್ತದೆ.

ಮನೆಗೆ ತೆರೆದುದೇ ಎಂಬ ನಿಯಮಕ್ಕೂ ಅಪವಾದವಿದೆ. ರಾತ್ರಿ ಲಾರಿಗಳ ಸಾಲು ಹೋಗುವಾಗ ರಸ್ತೆಯ ಕಡೆಯ ಕೋಣೆಯಲ್ಲಿ ತೆರೆದುದು ನಿಷ್ಪ್ರಯೋಜಕ. ಅದೇ ಕೋಣೆಯಲ್ಲಿ ಮತ್ತೊಬ್ಬರು ಮಲಗಿದ್ದರೂ ಹಾಗೆಯೇ. ಅಂತಹ ಮನೆಯವರು ಮುಚ್ಚಿದುದನ್ನೇ ಕೊಂಡು, ಒಂದು ಕಿವಿಯನ್ನು ಬಿಟ್ಟು ತೊಡುವುದು ಕ್ಷೇಮ. ಮುಚ್ಚಿದುದನ್ನು ತೊಟ್ಟು ರಸ್ತೆಯನ್ನಾಗಲಿ ರೈಲು ಹಳಿಯನ್ನಾಗಲಿ ದಾಟಲೇಬಾರದು. ಹಳಿಯ ಬದಿಯ ಊರಿನ ನಮ್ಮ ಮಕ್ಕಳಿಗೆ ತಂದೆತಾಯಿಗಳು ಇದನ್ನು ಬಾರಿಬಾರಿಗೂ ಹೇಳಬೇಕು.

ನಾವೀಗ ಬೆಳಗಿನ ನಾಲ್ಕೂವರೆಗೆ, ಲಾರಿಗಳ ಸದ್ದು ತಗ್ಗಿದ ಹೊತ್ತಿನಲ್ಲಿ, ಒಳಮನೆಯಲ್ಲಿ ಕುಳಿತು ಜಾಲರಿಯದನ್ನು ತೊಡುತ್ತೇವೆ. ಮುಚ್ಚಿದುದು ಪ್ರಯಾಣದ ಚೀಲ ಸೇರಿದೆ. ಮೊನ್ನೆ ಮನಸೂರರ ತಾನವೊಂದು ಏರುತ್ತಿರುವಾಗ ಅಡುಗೆಮನೆಯಿಂದ "ಏನ್ರೀ, ಹಾಲು ಉಕ್ಕುತ್ತೆ ನೋಡಿ" ಎಂಬ ದನಿ ಸ್ಪಷ್ಟವಾಗಿ ಕೇಳಿಸಿತು. ತಾನವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋದೆವು.