ನಿಮ್ಮ ಬ್ರ್ಯಾಂಡ್ ಹೆಸರು ಆಮೇಲೆ ಹುಡುಕಿ, ಮೊದಲು ‘ನೊರೆ’ ಹುಡುಕಿ

(1/5)

ಮಾರ್ಕೆಟಿಂಗ್ ಪೇಪರ್ ಓದಿದವರಿಗೆ ‘ಸೋಷಿಯಲ್ ಲಿಸನಿಂಗ್’ ಅನ್ನೋ ಪದ ಗೊತ್ತಿರುತ್ತೆ. ನಮ್ಮ ಬ್ರ್ಯಾಂಡ್ ಬಗ್ಗೆ, ನಮ್ಮ ಕಸುಬಿನ ಬಗ್ಗೆ ಜನ ಆನ್‌ಲೈನ್‌ನಲ್ಲಿ ಏನು ಮಾತಾಡ್ತಿದ್ದಾರೆ ಅಂತ ಕಿವಿಗೊಟ್ಟು ಕೇಳೋದು, ಅಷ್ಟೇ. ಪುಸ್ತಕದ ಉದಾಹರಣೆಗಳೆಲ್ಲ ದೊಡ್ಡ ಕಂಪನಿಗಳದ್ದು. ಅವರ ಹೆಸರು ದಿನಕ್ಕೆ ಸಾವಿರ ಸಲ ಯಾರಾದ್ರೂ ಎತ್ತುತ್ತಾರೆ, ಹೆಸರು ಹುಡುಕಿದ್ರೆ ಅವರಿಗೆ ಕೆಲಸ ಆಗುತ್ತೆ. ಆದರೆ ತಿಂಗಳಿಗೆ ಇನ್ನೂರು ಬಾಟಲಿ ಮಾರೋರು ತಮ್ಮ ಹೆಸರು ಹುಡುಕಿದ್ರೆ ಏನು ಸಿಗುತ್ತೆ?

ನಮ್ಮತ್ತೆ ಮನೇಲಿ ಚಳ್ಳಕೆರೆ ಕಡೆ ಮರದ ಗಾಣ ಇದೆ. ಕಡ್ಲೆಕಾಯಿ ಎಣ್ಣೆ ತೆಗೆದು ಬಾಟಲಿಗೆ ಹಾಕಿ ಮಾರ್ತಾರೆ. (ಬ್ರ್ಯಾಂಡ್ ಹೆಸರು ಹೇಳಲ್ಲ. ಹೇಳಿದ್ರೆ ಇದು ಜಾಹೀರಾತು ಆಗಿಬಿಡುತ್ತೆ, ಅತ್ತೆ ದುಡ್ಡೂ ಕೊಡಲ್ಲ.) ಒಂದು ತಿಂಗಳು ಅವರಿಗೋಸ್ಕರ ಈ ಕೇಳೋ ಕೆಲಸ ಮಾಡಿದೆ. ಬ್ರ್ಯಾಂಡ್ ಹೆಸರು ಎತ್ತಿದ ಪೋಸ್ಟ್ ಸಿಕ್ಕಿದ್ದು ಮೂರು. ಅದರಲ್ಲಿ ಒಂದು ಅತ್ತೆ ಮಗಳದ್ದೇ. ಆದರೆ ಗಾಣದ ಎಣ್ಣೆ ಬಗ್ಗೆ ಜನ ಕೇಳಿದ ಪ್ರಶ್ನೆಗಳನ್ನ ಬರೀತಾ ಹೋದ್ರೆ ಹಾಳೆಯಲ್ಲಿ ಅರವತ್ತು ಸಾಲು ದಾಟಿತು.

ನನ್ನ ವಾದ ಇಲ್ಲಿಂದ ಶುರು. ಸಣ್ಣ ಬ್ರ್ಯಾಂಡ್‌ಗೆ ಹೆಸರಿನ ಹುಡುಕಾಟ ಬರೀ ಕಾವಲು ಇದ್ದ ಹಾಗೆ. ಯಾರಾದ್ರೂ ದೂರು ಬರೆದ್ರೆ ತಿಳಿಯಲಿ ಅಂತ ಇಟ್ಟುಕೊಂಡ್ರೆ ಸಾಕು. ನಿಜವಾದ ವಿಷಯ ಇರೋದು ಕಸುಬಿನ ಮಾತಲ್ಲಿ. ಅದರಲ್ಲೂ ಮಾರೋರ ಮಾತಲ್ಲಿ ಅಲ್ಲ, ಕೊಳ್ಳೋರ ಮಾತಲ್ಲಿ.

(2/5)

ಈ ಎರಡು ಮಾತಿನ ವ್ಯತ್ಯಾಸ ನೋಡಿ. ಮಾರೋರು ‘ವುಡ್ ಪ್ರೆಸ್ಡ್’, ‘ಕೋಲ್ಡ್ ಪ್ರೆಸ್ಡ್’ ಅಂತ ಬರೀತಾರೆ. ಆ ಪದ ಹುಡುಕಿದ್ರೆ ಸಿಗೋದು ಬೇರೆ ಮಾರಾಟಗಾರರ ರೀಲ್ಸ್ ಮಾತ್ರ. ಕೊಳ್ಳೋರು ‘ಗಾಣದ್ದು’ ಅಂತಾರೆ. ಬೆಂಗಳೂರು, ತುಮಕೂರು ಕಡೆಯವರು ‘ಕಡ್ಲೆಕಾಯಿ ಎಣ್ಣೆ’ ಅಂದ್ರೆ ಹುಬ್ಬಳ್ಳಿ, ಗದಗ ಕಡೆಯವರು ‘ಶೇಂಗಾ ಎಣ್ಣಿ’ ಅಂತಾರೆ. ಒಂದನ್ನೇ ಹುಡುಕಿದ್ರೆ ಅರ್ಧ ಕರ್ನಾಟಕ ಕಿವಿಗೇ ಬೀಳಲ್ಲ. ಇದರ ಮೇಲೆ ನಾವೆಲ್ಲ ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತೀವಿ, ಅದಕ್ಕೆ ಒಂದು ಕಾಗುಣಿತ ಅಂತ ಇಲ್ಲ. ಕನ್ನಡದಲ್ಲೇ ಬರೆದವರೂ ಎಷ್ಟೋ ಜನ ಣ ಬದಲು ನ ಹಾಕಿ ‘ಗಾನದ ಎಣ್ಣೆ’ ಅಂತ ಬರೆದಿರ್ತಾರೆ. ನಗಬೇಡಿ, ಆ ತಪ್ಪು ಕಾಗುಣಿತವೂ ನಿಮ್ಮ ಪಟ್ಟಿಯಲ್ಲಿ ಇರಬೇಕು. ಅವರೂ ಗಿರಾಕಿಗಳೇ.

ಗೂಗಲ್ ಅಲರ್ಟ್ಸ್‌ಗೆ ನಾನು ಹಾಕಿದ್ದು ಹೀಗೆ:

```
"gaanada enne" OR "ganada enne" OR "shenga enni" -song -lyrics
"ಗಾಣದ ಎಣ್ಣೆ" OR "ಗಾನದ ಎಣ್ಣೆ" OR "ಶೇಂಗಾ ಎಣ್ಣಿ"
```

ಉದ್ಧರಣ ಚಿಹ್ನೆ ಹಾಕಿದ್ರೆ ಎರಡೂ ಪದ ಒಟ್ಟಿಗೆ, ಅದೇ ಕ್ರಮದಲ್ಲಿ ಇರೋದನ್ನ ಹುಡುಕುತ್ತೆ. ಮೈನಸ್ ಹಾಕಿದ ಪದ ಇರೋ ಪುಟಗಳನ್ನ ಬಿಡುತ್ತೆ. ಹಾಡಿನ ಪುಟಗಳನ್ನ ಯಾಕೆ ಬಿಡಬೇಕು ಅಂತೀರಾ? ಹಿಂದಿಯಲ್ಲಿ ಗಾನಾ ಅಂದ್ರೆ ಹಾಡು. ಎಣ್ಣೆ ಕೇಳಿದವರ ಮುಂದೆ ಹಾಡಿನ ರಾಶಿ ಬಂದು ಬೀಳೋದು ಬೇಡ. ಅಲರ್ಟ್ ಸೆಟ್ಟಿಂಗ್‌ನಲ್ಲಿ ‘ಉತ್ತಮ ಫಲಿತಾಂಶ ಮಾತ್ರ’ ಅಂತ ಇರುತ್ತೆ, ಅದನ್ನ ‘ಎಲ್ಲ ಫಲಿತಾಂಶ’ಕ್ಕೆ ಬದಲಾಯಿಸಿ. ಸಣ್ಣ ಪುಟಗಳು ಗೂಗಲ್ ಕಣ್ಣಿಗೆ ಉತ್ತಮ ಅಲ್ಲದೇ ಇರಬಹುದು, ನಮಗೆ ಬೇಕಾಗಿರೋದು ಅವೇ.

ಆದರೆ ಇದರ ಮಿತಿ ಗೊತ್ತಿರಲಿ. ಇನ್‌ಸ್ಟಾಗ್ರಾಂ ಕಾಮೆಂಟು, ಯೂಟ್ಯೂಬ್ ಕಾಮೆಂಟು ಅಲರ್ಟ್‌ನಲ್ಲಿ ಬರುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಪ್ರಶ್ನೆಗಳು ತುಂಬಿರೋದೋ ಅಲ್ಲೇ. ಅದಕ್ಕೆ ವಾರಕ್ಕೆ ಎರಡು ಸಲ ಕೈಯಾರೆ ನೋಡಲೇಬೇಕು. ಗಾಣದ ಎಣ್ಣೆ ಬಗ್ಗೆ ಹೆಚ್ಚು ಜನ ನೋಡಿದ ಹತ್ತು ಕನ್ನಡ ವಿಡಿಯೋ ಆರಿಸ್ಕೊಳ್ಳಿ. ಕಾಮೆಂಟನ್ನ ಹೊಸದು ಮೊದಲು ಬರೋ ಹಾಗೆ ಇಟ್ಟು, ಕೆಳಗಿನ ತನಕ ಸ್ಕ್ರಾಲ್ ಮಾಡಿ, ಆಮೇಲೆ ಲ್ಯಾಪ್‌ಟಾಪಲ್ಲಿ Ctrl+F ಒತ್ತಿ ‘ಯಾಕೆ’, ‘yake’ ಅಂತ ಹುಡುಕಿ. ಸ್ಕ್ರಾಲ್ ಮಾಡದೆ ಹುಡುಕಿದ್ರೆ ಪುಟದಲ್ಲಿ ಲೋಡ್ ಆಗಿರೋ ನಾಲ್ಕು ಕಾಮೆಂಟಲ್ಲಿ ಮಾತ್ರ ಹುಡುಕುತ್ತೆ.

(3/5)

ಸಿಕ್ಕಿದ್ದನ್ನ ಒಂದು ಶೀಟಲ್ಲಿ ಬರೀರಿ: ತಾರೀಖು, ಎಲ್ಲಿ ಸಿಕ್ತು, ಪ್ರಶ್ನೆ, ಯಾರಾದ್ರೂ ಉತ್ತರ ಕೊಟ್ಟಿದ್ದಾರಾ. ಕೇಳಿದವರ ಹೆಸರು ಬೇಡ, ಅದು ನಮಗೆ ಸೇರಿದ್ದಲ್ಲ. ಆದರೆ ಪ್ರಶ್ನೆಯನ್ನ ಅವರು ಬರೆದ ಹಾಗೇ ಇಡಿ, ತಿದ್ದಬೇಡಿ. ಇದಕ್ಕೆ ಕಾರಣ ಇದೆ.

ನನ್ನ ಶೀಟಲ್ಲಿ ‘ನೊರೆ ಬರ್ತಿದೆ’ ಅಂತ ಒಂದು, ‘ಬಬಲ್ಸ್ ಯಾಕೆ’ ಅಂತ ಒಂದು, ‘ಪೂರಿ ಹಾಕಿದ್ರೆ ಹಾಲಿನ ತರ ಉಕ್ಕುತ್ತೆ, ಡೂಪ್ಲಿಕೇಟಾ?’ ಅಂತ ಇನ್ನೊಂದು. ಮೂರನ್ನೂ ‘ಗುಣಮಟ್ಟದ ದೂರು’ ಅಂತ ಬರೆದಿಟ್ಟಿದ್ರೆ ಅಲ್ಲಿಗೇ ಕಥೆ ಮುಗೀತಿತ್ತು. ಅವರ ಮಾತಲ್ಲೇ ಇದ್ದಿದ್ದಕ್ಕೆ ಎರಡು ವಿಷಯ ಕಾಣಿಸ್ತು. ಮೂರೂ ಒಂದೇ ಪ್ರಶ್ನೆ. ಮತ್ತೆ ಆ ಪ್ರಶ್ನೆ ನೊರೆ ಬಗ್ಗೆ ಅಲ್ಲವೇ ಅಲ್ಲ, ‘ನನಗೆ ಮೋಸ ಆಯ್ತಾ?’ ಅನ್ನೋದು. ಆಮೇಲೆ ‘ಉಕ್ಕುತ್ತೆ’ ಅನ್ನೋದನ್ನೂ ಹುಡುಕೋ ಪದಗಳಿಗೆ ಸೇರಿಸಿದೆ, ಇನ್ನಷ್ಟು ಸಿಕ್ತು.

ಎಣಿಸುವಾಗ ಒಂದು ಎಚ್ಚರ. ಯಾರೋ ಒಬ್ಬರು ‘ಗಾಣದ ಎಣ್ಣೆ ತಿಂದ್ರೆ ಕೊಲೆಸ್ಟ್ರಾಲ್ ಹೋಗುತ್ತೆ’ ಅಂತ ವಿಡಿಯೋ ಹಾಕಿದ ದಿನ, ಅದರ ಕೆಳಗೇ ಹಾರ್ಟಿಗೆ ಒಳ್ಳೆಯದಾ ಅನ್ನೋ ಪ್ರಶ್ನೆ ಸಾಲುಸಾಲಾಗಿ ಬಂತು. ಸಂಖ್ಯೆ ನೋಡಿದ್ರೆ ಅದೇ ಮೊದಲ ಸ್ಥಾನ. ಆದರೆ ಅದು ಒಂದೇ ಕಡೆಯಿಂದ ಬಂದ ಅಲೆ, ಮುಂದಿನ ವಾರ ಇರಲಿಲ್ಲ. ನೊರೆ ಪ್ರಶ್ನೆ ನಾಲ್ಕೂ ವಾರ, ಬೇರೆ ಬೇರೆ ಜಾಗದಿಂದ, ತೊಟ್ಟಿಕ್ಕುವ ನಲ್ಲಿ ತರ ಬರ್ತಾನೇ ಇತ್ತು. ಒಟ್ಟು ಎಷ್ಟು ಅನ್ನೋದಕ್ಕಿಂತ ಎಷ್ಟು ವಾರ, ಎಷ್ಟು ಬೇರೆ ಜಾಗ ಅನ್ನೋದನ್ನ ನಾನು ಹೆಚ್ಚು ನಂಬ್ತೀನಿ.

ಹಾರ್ಟ್ ಪ್ರಶ್ನೆಗೆ ನಾವು ಉತ್ತರ ಕೊಡಲಿಲ್ಲ. ಎಣ್ಣೆ ಮಾರೋರು ಕಾಯಿಲೆ ವಾಸಿ ಆಗುತ್ತೆ ಅಂತ ಹೇಳೋ ಹಾಗಿಲ್ಲ. ಆಹಾರದ ಜಾಹೀರಾತಿನ ಮಾತುಗಳಿಗೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ. ನಿಯಮ ಇಲ್ಲದಿದ್ರೂ, ಅದು ಡಾಕ್ಟರ್ ಹೇಳಬೇಕಾದ ಮಾತು, ಗಾಣದವರು ಹೇಳೋದಲ್ಲ.

(4/5)

ಹಾಗಾದ್ರೆ ಉತ್ತರಕ್ಕೆ ಯೋಗ್ಯ ಪ್ರಶ್ನೆ ಯಾವುದು? ನನ್ನ ಅಳತೆ ಇಷ್ಟೇ: ಕೇಳಿದವರು ಕೊಳ್ಳೋಕೆ ಮುಂಚೆ ಅಥವಾ ಕೊಂಡ ತಕ್ಷಣ ತಡವರಿಸ್ತಿದ್ದಾರಾ, ಆ ಉತ್ತರ ನಮ್ಮ ಕೈಕೆಲಸದಿಂದಲೇ ನಮಗೆ ಗೊತ್ತಿದೆಯಾ, ಈಗ ಅಲ್ಲಿರೋ ಉತ್ತರ ತಪ್ಪಾ ಅಥವಾ ಖಾಲಿಯಾ. ನೊರೆ ಮೂರಕ್ಕೂ ಹೊಂದಿತು. ಆ ಪ್ರಶ್ನೆಗಳ ಕೆಳಗೆ ‘ನೊರೆ ಬಂದ್ರೆ ಕಲಬೆರಕೆ’ ಅಂತ ಒಬ್ಬರು, ‘ನೊರೆ ಬಂದ್ರೇನೇ ಒರಿಜಿನಲ್’ ಅಂತ ಇನ್ನೊಬ್ಬರು ಬರೆದಿದ್ರು. ಎರಡೂ ಸರಿಯಲ್ಲ.

ಅತ್ತೆ ಹೇಳಿದ್ದನ್ನ ಓದಿದ್ದರ ಜೊತೆ ಜೋಡಿಸಿದಾಗ ಹೀಗಾಯ್ತು. ಗಾಣದಿಂದ ಬಂದ ಎಣ್ಣೆಯಲ್ಲಿ ಸ್ವಲ್ಪ ತೇವ, ಸಣ್ಣ ಗಸಿ, ಅಂಟಿನಂಥ ಫಾಸ್ಫೋಲಿಪಿಡ್ ಅನ್ನೋ ಪದಾರ್ಥ ಉಳಿದಿರುತ್ತೆ. ರಿಫೈನ್ಡ್ ಎಣ್ಣೆಯಲ್ಲಿ ಆ ಅಂಟನ್ನ ಕಾರ್ಖಾನೆಯಲ್ಲೇ ತೆಗೆದಿರ್ತಾರೆ. ಎಣ್ಣೆ ಕಾದಾಗ ತೇವ ಆವಿಯಾಗಿ ಗುಳ್ಳೆ ಬರುತ್ತೆ, ಆ ಅಂಟು ಗುಳ್ಳೆ ಬೇಗ ಒಡೆಯದ ಹಾಗೆ ಹಿಡಿದಿಡುತ್ತೆ. ಅದೇ ನೊರೆ. ಎಣ್ಣೆಯನ್ನ ಕೆಲವು ದಿನ ಅಲುಗಾಡಿಸದೆ ಇಟ್ಟು, ಗಸಿ ಕೆಳಗಿಳಿದ ಮೇಲೆ ಸೋಸಿದ್ರೆ ನೊರೆ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಕರಿಯುವಾಗ ಹಿಟ್ಟಿನ ನೀರೂ ನೊರೆ ತರುತ್ತೆ. ಇನ್ನು, ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಮಂದವಾಗಿ ನೊರೆ ಕಟ್ಟಿದ್ರೆ ಅದು ಎಣ್ಣೆ ಕೆಟ್ಟಿದ್ದು, ಯಾವ ಬ್ರ್ಯಾಂಡಾದ್ರೂ ಚೆಲ್ಲಬೇಕು. ಅಂದ್ರೆ ನೊರೆಯೊಂದನ್ನೇ ನೋಡಿ ಶುದ್ಧ ಅಂತಾನೂ ಹೇಳೋಕಾಗಲ್ಲ, ಕಲಬೆರಕೆ ಅಂತಾನೂ ಹೇಳೋಕಾಗಲ್ಲ.

ಈ ಕೊನೇ ಸಾಲು ಬಿಡೋಣ ಅಂತ ಅತ್ತೆ ಮಗಳು ಹಠ ಮಾಡಿದಳು. ‘ನೊರೆ ಬಂದ್ರೆ ಶುದ್ಧ’ ಅಂದ್ರೆ ಮಾರೋಕೆ ಸುಲಭ ಅಲ್ವಾ ಅಂತ. ಸುಲಭನೇ. ಆದರೆ ಚೆನ್ನಾಗಿ ಗಸಿ ಇಳಿಸಿ ಸೋಸಿದ ನಮ್ಮದೇ ಬಾಟಲಿಯಲ್ಲಿ ನೊರೆ ಕಡಿಮೆ ಬಂದ ದಿನ ಅದೇ ಗಿರಾಕಿ ಫೋನ್ ಮಾಡಿ ‘ಇದು ಶುದ್ಧ ಅಲ್ವಾ?’ ಅಂತಾರೆ. ಸಾಲು ಉಳೀತು.

ಎರಡನೇ ಪ್ರಶ್ನೆ ಬೆಲೆ: ‘ಇಷ್ಟು ರೇಟ್ ಯಾಕೆ?’ ಇದಕ್ಕೆ ಬಿಕಾಂ ಓದೋರು ಉತ್ತರ ಕೊಡದಿದ್ರೆ ಇನ್ಯಾರು ಕೊಡಬೇಕು! ಕಡ್ಲೆಬೀಜದಲ್ಲಿ ಎಣ್ಣೆ ಇರೋದು ಹೆಚ್ಚುಕಡಿಮೆ ಅರ್ಧ ಭಾಗ, ಗಾಣದಲ್ಲಿ ಅದೂ ಪೂರ್ತಿ ಬರಲ್ಲ, ಸ್ವಲ್ಪ ಹಿಂಡಿಯಲ್ಲೇ ಉಳಿಯುತ್ತೆ. ಹಾಗಾಗಿ ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ನಿಮ್ಮೂರ ಅಂಗಡಿಯ ಬೀಜದ ದರವನ್ನ ಎರಡೂವರೆಯಿಂದ ಗುಣಿಸಿ. ಸಗಟಾಗಿ ಕೊಂಡಿದ್ದು, ಹಿಂಡಿ ಮಾರಿದ್ದು ಅಂತ ಸ್ವಲ್ಪ ಕಳೀರಿ, ಕೂಲಿ, ಕರೆಂಟು, ಬಾಟಲಿ ಅಂತ ಸೇರಿಸಿ. ಬಾಟಲಿ ಮೇಲಿನ ಬೆಲೆ ಇದಕ್ಕಿಂತ ತುಂಬಾ ಕೆಳಗಿದ್ರೆ ‘ಹೇಗೆ ಸಾಧ್ಯ?’ ಅಂತ ಮಾರೋರನ್ನ ಕೇಳಿ. ನಮ್ಮನ್ನೂ ಸೇರಿಸಿ.

(5/5)

ಉತ್ತರ ಎಲ್ಲಿ ಕೊಡೋದು ಅನ್ನೋದರಲ್ಲಿ ನನಗೆ ಸ್ವಲ್ಪ ಖಡಕ್ ಅಭಿಪ್ರಾಯ ಇದೆ. ಕೇಳಿದ ಜಾಗದಲ್ಲೇ ಕೊಡಿ, ಮೊದಲ ಸಾಲಲ್ಲೇ ‘ನಾವೂ ಗಾಣದ ಎಣ್ಣೆ ಮಾರೋರು’ ಅಂತ ಹೇಳಿ, ಲಿಂಕ್ ಹಾಕಬೇಡಿ. ಬೇರೆ ಬ್ರ್ಯಾಂಡಿನ ಪೋಸ್ಟ್ ಕೆಳಗೆ ಅವರ ಗಿರಾಕಿಗೆ ಉತ್ತರ ಕೊಡೋಕೆ ಹೋಗಬೇಡಿ. ಅದು ಪಕ್ಕದ ಅಂಗಡಿ ಮೆಟ್ಟಿಲ ಮೇಲೆ ನಿಂತು ಕೂಗಿ ಮಾರಿದ ಹಾಗೆ.

ಆದರೆ ಒಬ್ಬರಿಗೆ ಕಾಮೆಂಟಲ್ಲಿ ಹೇಳಿದ್ದು ಕೇಳದೇ ಇರೋರಿಗೆ ತಲುಪಲ್ಲ. ಅದಕ್ಕೆ ನೊರೆಯ ಉತ್ತರವನ್ನ ಎರಡು ಸಾಲು ಮಾಡಿ ಬಾಟಲಿ ಲೇಬಲ್ ಹಿಂದೆ ಹಾಕಿಸಿದ್ವಿ, ‘ನೊರೆ’, ‘ಉಕ್ಕುವುದು’ ಅನ್ನೋ ಪದಗಳನ್ನೇ ಬಳಸಿ. ಫಲ ಇದೆಯಾ ಅಂತ ತಿಳಿಯೋಕೆ ಲೈಕ್ ನೋಡಲ್ಲ. ಅತ್ತೆ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೀವಿ, ನೊರೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಒಂದು ಗೀಟು. ಹೊಸ ಲೇಬಲ್ ಬಾಟಲಿಗಳು ಹೋದ ಮೇಲೆ ವಾರದ ಗೀಟು ಕಡಿಮೆ ಆಗ್ತಿದೆಯಾ ಅಂತ ನೋಡೋದು.

ಆ ನೋಟ್‌ಬುಕ್ಕಿಗೆ ಇನ್ನೊಂದು ಉಪಯೋಗ ಇದೆ. ಆನ್‌ಲೈನ್‌ನಲ್ಲಿ ನಮಗೆ ಕೇಳಿಸೋದು ಬಹಿರಂಗವಾಗಿ ಬರೆಯೋರ ದನಿ ಮಾತ್ರ. ವಾಟ್ಸಾಪ್ ಗುಂಪಿನ ಮಾತು, ಪ್ರೈವೇಟ್ ಅಕೌಂಟು, 24 ಗಂಟೆಗೆ ಮಾಯವಾಗೋ ಸ್ಟೋರಿ ಯಾವ ಹುಡುಕಾಟಕ್ಕೂ ಸಿಗಲ್ಲ. ಅತ್ತೆಯ ಹಳೇ ಗಿರಾಕಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಕಾಮೆಂಟ್ ಹಾಕಲ್ಲ, ನೇರ ಫೋನೇ. ಅವರು ಜಾಸ್ತಿ ಕೇಳೋದು ನೊರೆ ಅಲ್ಲ, ‘ಎಷ್ಟು ದಿನ ಇಡಬಹುದಮ್ಮ, ಕಮಟು ವಾಸನೆ ಬರುತ್ತಾ?’ ಅಂತ. ನನ್ನ ಶೀಟಲ್ಲಿ ಈ ಪ್ರಶ್ನೆ ಇದ್ದಿದ್ದು ಎರಡೇ ಸಲ. ಮುಂದಿನ ತಿಂಗಳ ಲೇಬಲ್‌ಗೆ ಅದೇ ಹೋಗ್ತಿದೆ.

ಈಗ ನಿಮ್ಮಿಂದ ಒಂದು ಸಹಾಯ. ಕರಿಯುವಾಗ ಎಣ್ಣೆ ಮೇಲೆ ಬರೋ ನೊರೆಗೆ ನಿಮ್ಮ ಮನೇಲಿ ಏನಂತೀರಿ? ಮಂಗಳೂರು, ಕಲಬುರಗಿ, ಕೊಡಗು ಕಡೆಯವರು ಮುಖ್ಯವಾಗಿ ಹೇಳಿ. ನಿಮ್ಮಜ್ಜಿ ಹೇಳೋ ಹಾಗೇ ಕಾಮೆಂಟಲ್ಲಿ ಬರೀರಿ, ಹುಡುಕೋ ಪದಗಳ ಪಟ್ಟಿಗೆ ಸೇರಿಸ್ಕೊತೀನಿ.